ಇನ್‌ಸ್ಟಾಗ್ರಾಂನಿಂದ ಬಂದ ಗಿರಾಕಿಗೆ ಎಷ್ಟು ಖರ್ಚು ಮಾಡಬಹುದು? ಒಂದು ಕಾಫಿ ಪುಡಿ ಅಂಗಡಿಯ ಲೆಕ್ಕ

"ಇನ್‌ಸ್ಟಾಗ್ರಾಂಗೆ ಒಂದು ಲಕ್ಷ ಹಾಕಿದೆ, ಹತ್ತಿರ ಹತ್ತಿರ ಐದು ಲಕ್ಷದ ಮಾಲು ಹೋಯ್ತು." ಆನ್‌ಲೈನ್‌ನಲ್ಲಿ ಮಾರುವವರು ಇಬ್ಬರು ಸೇರಿದರೆ ಈ ಧಾಟಿಯ ಮಾತು ಬಂದೇ ಬರುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಆ ಐದು ಲಕ್ಷದಲ್ಲಿ ಮಾಲಿನ ಅಸಲು, ಕೊರಿಯರ್, ಡಿಸ್ಕೌಂಟ್, ವಾಪಸ್ ಬಂದ ಪಾರ್ಸೆಲ್ ಎಲ್ಲ ಕಳೆದರೆ ಹಾಕಿದ ಲಕ್ಷವೂ ಹುಟ್ಟದೆ ಇರಬಹುದು. ಹಾಗಂತ ನಷ್ಟ ಅಂತಲೂ ಅಲ್ಲ. ಬಂದವರಲ್ಲಿ ಕೆಲವರು ಮುಂದಿನ ತಿಂಗಳು ಮತ್ತೆ ಬರುತ್ತಾರೆ, ಅದರಾಚೆಗೂ ಬರುತ್ತಾರೆ. ಎಷ್ಟು ಜನ, ಎಷ್ಟು ದಿನದೊಳಗೆ, ಎಷ್ಟು ಉಳಿಸಿಕೊಡುತ್ತಾರೆ ಅನ್ನುವುದು ಗೊತ್ತಾದರೆ ಮಾತ್ರ ಒಬ್ಬ ಹೊಸ ಗಿರಾಕಿಗೆ ಎಷ್ಟು ಖರ್ಚು ಮಾಡಬಹುದು ಅಂತ ಹೇಳಲು ಸಾಧ್ಯ.

ಇದಕ್ಕೆ ಒಂದು ಕಾಫಿ ಪುಡಿ ಅಂಗಡಿಯನ್ನು ಇಟ್ಟುಕೊಳ್ಳೋಣ. ಚಿಕ್ಕಮಗಳೂರಿನ ಬೀಜ ತಂದು, ಹುರಿದು, ಪುಡಿ ಮಾಡಿ, ತನ್ನದೇ ವೆಬ್‌ಸೈಟಿನಲ್ಲಿ ಮಾರುವ ಅಂಗಡಿ. ಅಂಕಿಗಳು ನಾನು ಲೆಕ್ಕಕ್ಕೆಂದು ಜೋಡಿಸಿದವು, ಯಾವುದೋ ಒಂದು ಅಂಗಡಿಯವಲ್ಲ. ಕಾಫಿ ಪುಡಿಯನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಅದು ಖಾಲಿಯಾಗುತ್ತದೆ, ಮತ್ತೆ ಬೇಕಾಗುತ್ತದೆ. ಸೋಫಾ ಮಾರುವವರಿಗೆ ಈ ಲೇಖನದಿಂದ ಹೆಚ್ಚು ಉಪಯೋಗ ಇಲ್ಲ. ಅವರು ಮೊದಲ ಮಾರಾಟದಲ್ಲೇ ಜಾಹೀರಾತಿನ ದುಡ್ಡು ಹುಟ್ಟಿಸಿಕೊಳ್ಳಬೇಕು.

ಮೊದಲು ಒಂದು ಆರ್ಡರ್

ಅಂಗಡಿಯ ಮಾಮೂಲಿ ಆರ್ಡರ್ ಅರ್ಧ ಕೆಜಿಯ ಎರಡು ಪ್ಯಾಕೆಟ್. ಜಿಎಸ್‌ಟಿ ಬಿಟ್ಟು 900 ರೂಪಾಯಿ. ಬೀಜ, ಚಿಕೋರಿ, ಹುರಿಯುವುದು, ಪುಡಿ ಮಾಡುವುದು ಎಲ್ಲ ಸೇರಿ 520. ಪ್ಯಾಕಿಂಗ್ 30, ಕೊರಿಯರ್ 80, ಹಣ ಪಾವತಿಯ ಗೇಟ್‌ವೇ ಶುಲ್ಕ 20. ಒಟ್ಟು ಖರ್ಚು 650, ಉಳಿಯುವುದು 250.

ಆದರೆ ಇನ್‌ಸ್ಟಾಗ್ರಾಂನಲ್ಲಿ ಮೊದಲ ಸಲ ನೋಡಿದವರು ಸುಮ್ನೆ ಕೊಳ್ಳುವುದಿಲ್ಲ. ಮೊದಲ ಆರ್ಡರಿಗೆ ಶೇಕಡಾ 10 ಡಿಸ್ಕೌಂಟ್ ಕೊಡಬೇಕು. 90 ರೂಪಾಯಿ ಹೋಯಿತು, 160 ಉಳಿಯಿತು. ಇನ್ನೊಂದು ಸೋರಿಕೆಯೂ ಇದೆ. ಹೊಸಬರಲ್ಲಿ ಜಾಸ್ತಿ ಜನ ಕ್ಯಾಶ್ ಆನ್ ಡೆಲಿವರಿ ಕೇಳುತ್ತಾರೆ. ಪಾರ್ಸೆಲ್ ಬಾಗಿಲಿಗೆ ಬಂದಾಗ ಕೆಲವರು ಬೇಡ ಅನ್ನುತ್ತಾರೆ, ಕೆಲವರು ಫೋನನ್ನೇ ಎತ್ತುವುದಿಲ್ಲ. ಕೊರಿಯರ್‌ನವರ ಭಾಷೆಯಲ್ಲಿ ಇದು ಆರ್‌ಟಿಒ, ಅಂದರೆ ರಿಟರ್ನ್ ಟು ಒರಿಜಿನ್. ಕಳಿಸಿದ 100ರಲ್ಲಿ 15 ವಾಪಸ್ ಬಂದವು ಅಂದುಕೊಳ್ಳಿ. ಹೋಗುವ ಖರ್ಚು 80, ಬರುವ ಖರ್ಚು 70, ಮತ್ತೆ ಪ್ಯಾಕ್ ಮಾಡಲು 20. ಒಂದು ವಾಪಸಿಗೆ 170 ಆಯಿತು, 15ಕ್ಕೆ 2,550. ಇದನ್ನು ಭರಿಸಬೇಕಾದವರು ಪಾರ್ಸೆಲ್ ತೆಗೆದುಕೊಂಡ 85 ಜನ. ತಲೆಗೆ 30 ರೂಪಾಯಿ ಬೀಳುತ್ತದೆ. ಅಲ್ಲಿಗೆ ಮೊದಲ ಆರ್ಡರಿನಲ್ಲಿ ನಿಜವಾಗಿ ಕೈಗೆ ಸಿಗುವುದು 130 ರೂಪಾಯಿ.

ಎರಡನೇ ಸಲ ಬರುವವರ ಲೆಕ್ಕವೇ ಬೇರೆ. ಡಿಸ್ಕೌಂಟ್ ಇಲ್ಲ. ಅಂಗಡಿಯ ಮೇಲೆ ನಂಬಿಕೆ ಬಂದಿರುವುದರಿಂದ ಹೆಚ್ಚಿನವರು ಮೊದಲೇ ಯುಪಿಐನಲ್ಲಿ ಕಟ್ಟುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ "ಪುಡಿ ಮುಗಿಯಿತಾ?" ಅಂತ ನೆನಪಿಸುವ ಖರ್ಚು, ಅಪರೂಪಕ್ಕೊಂದು ವಾಪಸ್ ಎಲ್ಲ ಸೇರಿ 10 ರೂಪಾಯಿ ಕಳೆದರೆ 240 ಉಳಿಯುತ್ತದೆ. ಹಳೇ ಗಿರಾಕಿಗೇ ಮತ್ತೆ ಜಾಹೀರಾತು ತೋರಿಸಿ ಕರೆತರುತ್ತಿದ್ದರೆ ಆ ಖರ್ಚನ್ನೂ ಇಲ್ಲೇ ಕಳೆಯಬೇಕು.

130 ಮತ್ತು 240, ಈ ಎರಡು ಸಂಖ್ಯೆ ನೆನಪಿರಲಿ. ಮುಂದಿನದೆಲ್ಲ ಇವುಗಳ ಮೇಲೆಯೇ ನಿಂತಿದೆ.

ಗಿರಾಕಿಯ ಒಟ್ಟು ಬೆಲೆಗೆ ವ್ಯಾಪಾರದಲ್ಲಿ ಲೈಫ್‌ಟೈಮ್ ವ್ಯಾಲ್ಯೂ ಅನ್ನುತ್ತಾರೆ, ಚಿಕ್ಕದಾಗಿ ಎಲ್‌ಟಿವಿ. ಇದನ್ನು ಹೀಗೆ ಲೆಕ್ಕ ಹಾಕುವವರನ್ನು ನೋಡಿದ್ದೇನೆ: ಆರ್ಡರಿಗೆ 900 ರೂಪಾಯಿ, ವರ್ಷಕ್ಕೆ 6 ಆರ್ಡರ್, ಗಿರಾಕಿ 3 ವರ್ಷ ಇರುತ್ತಾನೆ, ಆದ್ದರಿಂದ 16,200. ಇದರಲ್ಲಿ ಎರಡು ತಪ್ಪಿವೆ. 900 ಮಾರಾಟದ ಹಣ, ಉಳಿತಾಯವಲ್ಲ. ಇನ್ನು 3 ವರ್ಷ ಅನ್ನುವುದು ಬರೀ ಆಸೆ. ಕಾಫಿ ಪುಡಿಯ ಗಿರಾಕಿ "ನಾನಿನ್ನು ಬರಲ್ಲ" ಅಂತ ಹೇಳಿ ಹೋಗುವುದಿಲ್ಲ. ಸುಮ್ಮನೆ ನಿಲ್ಲಿಸುತ್ತಾನೆ. ಹಾಗಾಗಿ ಜೀವಮಾನದ ಮಾತು ಬಿಟ್ಟು ಒಂದು ಗಡುವು ಇಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿ ನಾವು 180 ದಿನ ಇಟ್ಟುಕೊಳ್ಳೋಣ. ಆರು ತಿಂಗಳಲ್ಲಿ ಒಬ್ಬ ಗಿರಾಕಿಯಿಂದ ಎಷ್ಟು ಉಳಿಯುತ್ತದೆ ಅನ್ನುವುದು ನೋಡಿ ತಿಳಿಯಬಹುದಾದ ವಿಷಯ, ಊಹೆಯಲ್ಲ.

ಬ್ಯಾಚ್ ಅಂದರೆ ಬ್ಯಾಚೇ

ಇದನ್ನು ನೋಡಲು ಗಿರಾಕಿಗಳನ್ನು ಮೊದಲು ಕೊಂಡ ತಿಂಗಳ ಪ್ರಕಾರ ಗುಂಪು ಮಾಡಬೇಕು. ಅಂಥ ಗುಂಪಿಗೆ ಕೊಹಾರ್ಟ್ ಅನ್ನುತ್ತಾರೆ, ಪದ ಕೇಳಿ ಹೆದರಬೇಕಾಗಿಲ್ಲ. "ನಮ್ಮ ಬ್ಯಾಚಿನವರು" ಅಂತ ಕಾಲೇಜಿನ ವಿಷಯದಲ್ಲಿ ಹೇಳುತ್ತೇವಲ್ಲ, ಅದೇ. ಜನವರಿಯಲ್ಲಿ ಮೊದಲ ಸಲ ಕೊಂಡವರು ಜನವರಿ ಬ್ಯಾಚ್. ಅವರು ಮುಂದೆ ಮೇ ತಿಂಗಳಲ್ಲಿ ಕೊಂಡರೂ ಆ ಆರ್ಡರ್ ಸೇರುವುದು ಜನವರಿ ಬ್ಯಾಚಿಗೇ.

ಹೀಗೇಕೆ ಮಾಡಬೇಕು? ತಿಂಗಳ ಒಟ್ಟು ಲೆಕ್ಕದಲ್ಲಿ ಹಳಬರು, ಹೊಸಬರು ಬೆರೆತುಹೋಗುತ್ತಾರೆ. ಜಾಹೀರಾತು ಹೆಚ್ಚಿಸಿದ ತಿಂಗಳು ಹೊಸಬರು ಜಾಸ್ತಿ ಬರುತ್ತಾರೆ. ಆಗ "ಮರುಖರೀದಿ ಶೇಕಡಾವಾರು" ತಾನೇ ಕುಸಿದಂತೆ ಕಾಣುತ್ತದೆ, ಯಾರೂ ಕೈಬಿಟ್ಟಿರದಿದ್ದರೂ. ಜಾಹೀರಾತು ನಿಲ್ಲಿಸಿದರೆ ಅದೇ ಸಂಖ್ಯೆ ಮೇಲೇರುತ್ತದೆ, ಯಾರೂ ಹೊಸದಾಗಿ ಒಲಿದಿರದಿದ್ದರೂ. ಬ್ಯಾಚ್ ಮಾಡಿ, ಪ್ರತಿಯೊಬ್ಬರ ಮೊದಲ ಆರ್ಡರಿನಿಂದ ದಿನ ಎಣಿಸಿದರೆ ಈ ಗೊಂದಲ ಹೋಗುತ್ತದೆ. ಮಕ್ಕಳ ತೂಕ ಹೋಲಿಸುವಾಗ ಆರು ತಿಂಗಳ ಮಗುವನ್ನು ಆರು ತಿಂಗಳ ಮಗುವಿನ ಜೊತೆಗೇ ಹೋಲಿಸುತ್ತೇವೆ, ಅಲ್ವಾ? ಇದೂ ಹಾಗೆಯೇ.

ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಆರ್ಡರ್ ಪಟ್ಟಿಯನ್ನು ಗೂಗಲ್ ಶೀಟ್‌ಗೆ ಇಳಿಸಿಕೊಳ್ಳಿ. `A` ಕಾಲಂನಲ್ಲಿ ಫೋನ್ ನಂಬರ್, `B`ನಲ್ಲಿ ಆರ್ಡರ್ ದಿನಾಂಕ, `C`ನಲ್ಲಿ ಎಲ್ಲಿಂದ ಬಂದರು ಅನ್ನುವುದು. ತಲುಪಿದ ಆರ್ಡರ್ ಮಾತ್ರ ಇರಲಿ, ವಾಪಸ್ ಬಂದವನ್ನು ತೆಗೆದುಬಿಡಿ. ದಿನಾಂಕದ ಪ್ರಕಾರ ಹಳೆಯದು ಮೇಲಿರುವಂತೆ ಜೋಡಿಸಿ. ಆಮೇಲೆ ಈ ನಾಲ್ಕು ಸೂತ್ರ ಸಾಕು:

```
D2: =MINIFS(B:B, A:A, A2)
E2: ="B" & TEXT(D2, "yyyymm")
F2: =B2 - D2
G2: =VLOOKUP(A2, A:C, 3, FALSE)
```

`D` ಆ ಗಿರಾಕಿಯ ಮೊದಲ ಆರ್ಡರಿನ ದಿನ. `E` ಬ್ಯಾಚಿನ ಹೆಸರು. `F` ಈ ಆರ್ಡರ್ ಬಂದಾಗ ಗಿರಾಕಿಗೆ ಎಷ್ಟು ದಿನ "ವಯಸ್ಸಾಗಿತ್ತು" ಅನ್ನುವುದು. `G` ಆ ಗಿರಾಕಿ ಮೊಟ್ಟಮೊದಲು ಬಂದ ದಾರಿ. 2025ರ ಜನವರಿ ಬ್ಯಾಚಿನಲ್ಲಿ ಇನ್‌ಸ್ಟಾಗ್ರಾಂನಿಂದ ಬಂದವರು 60 ದಿನದೊಳಗೆ ಎಷ್ಟು ಸಲ ಮತ್ತೆ ಕೊಂಡರು ಅಂತ ತಿಳಿಯಲು:

```
=COUNTIFS(E:E,"B202501", G:G,"instagram", F:F,">0", F:F,"<=60")
```

ಬಂದ ಸಂಖ್ಯೆಯನ್ನು ಆ ಬ್ಯಾಚಿನ ಹೊಸ ಗಿರಾಕಿಗಳ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಮರುಆರ್ಡರ್ ಅನ್ನುವುದು ಸಿಗುತ್ತದೆ.

ಇಲ್ಲಿ ಕೈಕೊಡುವುದು ಸೂತ್ರವಲ್ಲ, ಫೋನ್ ನಂಬರ್. ಒಂದು ಸಾಲಿನಲ್ಲಿ +91 ಇದೆ, ಇನ್ನೊಂದರಲ್ಲಿ ಇಲ್ಲ ಅಂದರೆ ಶೀಟಿಗೆ ಅವರು ಇಬ್ಬರು ಬೇರೆ ಬೇರೆ ಜನ. ಮೊದಲ ಆರ್ಡರ್ ಮಗಳ ಫೋನಿನಿಂದ, ಎರಡನೆಯದು ಅಮ್ಮನ ಫೋನಿನಿಂದ ಬಂದರೂ ಅಷ್ಟೆ. ಮೊದಲ ಸಮಸ್ಯೆಯನ್ನು ಕೊನೆಯ 10 ಅಂಕಿ ಮಾತ್ರ ಇಟ್ಟುಕೊಂಡು ಸರಿಮಾಡಬಹುದು. ಎರಡನೆಯದಕ್ಕೆ ವಿಳಾಸ ನೋಡಬೇಕು. ಮರುಖರೀದಿ ಅನುಮಾನ ಬರುವಷ್ಟು ಕಡಿಮೆ ಕಂಡರೆ ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ.

ಇನ್ನು `C` ಕಾಲಂ. ಜಾಹೀರಾತಿನ ಲಿಂಕಿಗೆ `utm_source=instagram` ಅಂತ ಬಾಲ ಹಚ್ಚಿದರೆ ವೆಬ್‌ಸೈಟು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಪೂರ್ತಿ ಸಾಲದು. ಜಾಹೀರಾತು ನೋಡಿ, ಆಮೇಲೆ ಗೂಗಲ್‌ನಲ್ಲಿ ಹೆಸರು ಹುಡುಕಿಕೊಂಡು ಬರುವವರು ಇದರಲ್ಲಿ ಸಿಗುವುದಿಲ್ಲ. ಅವರಿಗಾಗಿ ಜಾಹೀರಾತಿನಲ್ಲಿ ಮಾತ್ರ ಇರುವ ಕೂಪನ್, ಇಲ್ಲವೇ ಆರ್ಡರ್ ಆದಮೇಲೆ "ನಮ್ಮ ಬಗ್ಗೆ ಎಲ್ಲಿ ಗೊತ್ತಾಯಿತು?" ಅನ್ನುವ ಒಂದೇ ಪ್ರಶ್ನೆ ನೆರವಾಗುತ್ತದೆ. ಒಂದು ನಿಯಮ ಮಾತ್ರ ಮುರಿಯಬಾರದು. ಗಿರಾಕಿಯ ದಾರಿ ಮೊದಲ ಆರ್ಡರಿನಲ್ಲೇ ತೀರ್ಮಾನವಾಗಿಬಿಡಬೇಕು. ಮೂರನೇ ಆರ್ಡರಿಗೆ ವಾಟ್ಸ್ಆ್ಯಪ್ ಲಿಂಕಿನಿಂದ ಬಂದ ಮಾತ್ರಕ್ಕೆ ಅವರು ವಾಟ್ಸ್ಆ್ಯಪ್ ಗಿರಾಕಿ ಆಗುವುದಿಲ್ಲ.

ತ್ರಿಕೋನವನ್ನು ಓದುವುದು

ಆಗಸ್ಟ್ 1ನೇ ತಾರೀಖು ಕೂತು ನೋಡಿದರೆ ನಮ್ಮ ಅಂಗಡಿಯ ಇನ್‌ಸ್ಟಾಗ್ರಾಂ ಬ್ಯಾಚುಗಳು ಹೀಗಿವೆ. ಒಳಗಿನ ಅಂಕಿ ತಲೆಗೆ ಇಲ್ಲಿಯವರೆಗೆ ಬಂದ ಮರುಆರ್ಡರ್.

| ಬ್ಯಾಚ್ | ಹೊಸಬರು | 30 ದಿನ | 60 | 90 | 120 | 150 | 180 |
|---|---|---|---|---|---|---|---|
| ಜನವರಿ | 400 | 0.12 | 0.30 | 0.43 | 0.53 | 0.62 | 0.70 |
| ಫೆಬ್ರವರಿ | 380 | 0.12 | 0.29 | 0.42 | 0.52 | 0.60 | |
| ಮಾರ್ಚ್ | 410 | 0.11 | 0.30 | 0.42 | 0.51 | | |
| ಏಪ್ರಿಲ್ | 640 | 0.08 | 0.20 | 0.29 | | | |
| ಮೇ | 390 | 0.12 | 0.29 | | | | |
| ಜೂನ್ | 400 | 0.11 | | | | | |

ಪಟ್ಟಿ ತ್ರಿಕೋನದಂತೆ ಕಾಣಲು ಕಾರಣವಾದ ಬಲಗಡೆಯ ಖಾಲಿ ಮನೆಗಳು ಸೊನ್ನೆಯಲ್ಲ. ಆ ದಿನ ಇನ್ನೂ ಬಂದಿಲ್ಲ ಅಷ್ಟೆ. ಬ್ಯಾಚಿನಲ್ಲಿ ಕೊನೆಗೆ ಸೇರಿದವರಿಗೂ ಅಷ್ಟು ದಿನ ತುಂಬಿದ ಮೇಲೆಯೇ ಮನೆ ತುಂಬಬೇಕು. ಜನವರಿ 31ರಂದು ಸೇರಿದವರಿಗೆ 180 ದಿನ ತುಂಬುವುದು ಜುಲೈ 30ಕ್ಕೆ. ಅವಸರ ಮಾಡಿ ಜೂನ್ ಕೊನೆಯಲ್ಲೇ ಬರೆದುಬಿಟ್ಟರೆ ಬ್ಯಾಚು ಇರುವುದಕ್ಕಿಂತ ಬಡವಾಗಿ ಕಾಣುತ್ತದೆ.

ಜನವರಿ ಸಾಲು ನೋಡಿ. ಮೊದಲ 30 ದಿನದಲ್ಲಿ 0.12, ಮುಂದಿನ 30 ದಿನದಲ್ಲಿ ಇನ್ನೊಂದು 0.18 ಸೇರಿತು. ಒಂದು ಕೆಜಿ ಪುಡಿ ಹೆಚ್ಚಿನ ಮನೆಗಳಲ್ಲಿ ಒಂದೂವರೆ ತಿಂಗಳು ಬರುತ್ತದೆ ಅಂತ ಈ ಸಾಲೇ ಹೇಳುತ್ತಿದೆ. ಅದಕ್ಕೇ 30 ದಿನದ ಅಂಕಿ ನೋಡಿ ಬ್ಯಾಚಿನ ಗುಣ ಹೇಳುವುದು ಕಷ್ಟ. 60ಕ್ಕೆ ಬಂದರೆ ಚಿತ್ರ ತಿಳಿಯಾಗುತ್ತದೆ. ಜನವರಿಯ 0.70ನ್ನು ಅದರದೇ 0.30ರಿಂದ ಭಾಗಿಸಿದರೆ 2.33 ಬರುತ್ತದೆ. ಮೇ ಬ್ಯಾಚಿನ 0.29ಕ್ಕೆ ಅದನ್ನು ಗುಣಿಸಿದರೆ 180 ದಿನಕ್ಕೆ ಸುಮಾರು 0.68 ಆಗಬಹುದು ಅಂತ ಅಂದಾಜು. ಸದ್ಯಕ್ಕೆ ಪೂರ್ತಿ ಬಲಿತಿರುವುದು ಒಂದೇ ಬ್ಯಾಚು. ಆದ್ದರಿಂದ ಈ 2.33ನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ, ಪೆನ್ನಿನಲ್ಲಿ ಬೇಡ.

ಅದೇ 0.70ರ ಒಳಗೆ ಇನ್ನೊಂದು ವಿಷಯ ಅಡಗಿದೆ. 400 ಜನರಿಂದ 280 ಮರುಆರ್ಡರ್ ಬಂದವು. ಆದರೆ ಮತ್ತೆ ಕೊಂಡವರು ಬರೀ 112 ಜನ, ಅಂದರೆ ಶೇಕಡಾ 28. ಅವರು ಸರಾಸರಿ ಎರಡೂವರೆ ಸಲ ಬಂದರು. ಉಳಿದ 288 ಜನ ತಿರುಗಿಯೂ ನೋಡಲಿಲ್ಲ. ಎರಡನೇ ಆರ್ಡರ್ ಅನ್ನುವುದೇ ದೊಡ್ಡ ಗೋಡೆ, ಅದನ್ನು ದಾಟಿದವರು ಮನೆಯವರಂತೆ ಆಗುತ್ತಾರೆ. ಪ್ರತಿ ತಿಂಗಳು ಇಷ್ಟು ಶೇಕಡಾ ಜನ ಬಿಟ್ಟುಹೋಗುತ್ತಾರೆ ಅಂತ ಒಂದೇ ದರ ಹಿಡಿದು ಹಾಕುವ ಎಲ್‌ಟಿವಿ ಸೂತ್ರಗಳು ಇಲ್ಲಿ ಎಡವುವುದು ಇದರಿಂದಲೇ. ಬಿಟ್ಟುಹೋಗುವವರು ಬಹುಪಾಲು ಮೊದಲಲ್ಲೇ ಹೋಗಿಬಿಡುತ್ತಾರೆ.

ಬ್ಯಾಚ್ ತೀರ ಚಿಕ್ಕದಾಗಿರಬಾರದು. 400 ಜನರ ಬ್ಯಾಚಿನಲ್ಲಿ ಈ ಶೇಕಡಾ 28 ಬರೀ ಅದೃಷ್ಟದಿಂದಲೇ ನಾಲ್ಕೈದು ಅಂಶ ಆಚೀಚೆ ಆಗಬಹುದು. 40 ಜನರ ಬ್ಯಾಚಾದರೆ 14ರಿಂದ 42ರವರೆಗೆ ಎಲ್ಲಿ ಬೇಕಾದರೂ ಕಾಣಬಹುದು. ವಾರಕ್ಕೊಂದು, ಒಂದೊಂದು ರೀಲಿಗೊಂದು ಬ್ಯಾಚ್ ಮಾಡಿ "ಈ ರೀಲಿನ ಗಿರಾಕಿಗಳು ಚಿನ್ನ" ಅನ್ನುವುದು ಬಹಳ ಸಲ ನಾಣ್ಯ ಚಿಮ್ಮಿ ಭವಿಷ್ಯ ಹೇಳಿದಂತೆ.

ಏಪ್ರಿಲ್‌ನ ಸಂಭ್ರಮ

ಪಟ್ಟಿಯಲ್ಲಿ ಏಪ್ರಿಲ್ ಕಣ್ಣಿಗೆ ಹೊಡೆಯುತ್ತದೆ. ಆ ತಿಂಗಳು ಅಂಗಡಿ ಬೇಸಿಗೆ ಆಫರ್ ಅಂತ ಶೇಕಡಾ 25 ಬಿಟ್ಟಿತು. ಜನವರಿಯಷ್ಟೇ ಖರ್ಚು, ಒಂದು ಲಕ್ಷ. ಹೊಸಬರು 640. ತಲೆಗೆ 156 ರೂಪಾಯಿ ಮಾತ್ರ. ಜನವರಿಯಲ್ಲಿ ಅದೇ ಒಂದು ಲಕ್ಷಕ್ಕೆ 400 ಜನ, ತಲೆಗೆ 250 ಬಿದ್ದಿತ್ತು. ಏಪ್ರಿಲ್ ಕೊನೆಯಲ್ಲಿ ಸಿಹಿ ಹಂಚಿರಲಿಕ್ಕೂ ಸಾಕು.

ಈಗ ಲೆಕ್ಕ ನೋಡಿ. 900ಕ್ಕೆ ಶೇಕಡಾ 25 ಕಳೆದರೆ 675. ಖರ್ಚು ಅದೇ 650. ಉಳಿದದ್ದು 25, ಅದರಲ್ಲಿ ವಾಪಸಿನ 30 ಹೋದರೆ ಮೊದಲ ಆರ್ಡರಿನಲ್ಲೇ ಕೈಯಿಂದ 5 ರೂಪಾಯಿ. 90 ದಿನದಲ್ಲಿ ತಲೆಗೆ 0.29 ಮರುಆರ್ಡರ್, ಒಂದಕ್ಕೆ 240ರಂತೆ ಸುಮಾರು 70. ಒಟ್ಟು 65 ರೂಪಾಯಿ. ಜನವರಿಯವರಿಗೆ 90ರಿಂದ 180ಕ್ಕೆ ಹೋಗುವಾಗ 0.43 ಇದ್ದದ್ದು 0.70 ಆಯಿತು. ಅದೇ ಅನುಪಾತ ಹಿಡಿದರೆ ಏಪ್ರಿಲ್ ಬ್ಯಾಚು 180 ದಿನಕ್ಕೆ 0.47 ಮುಟ್ಟುತ್ತದೆ, ಆಗಲೂ ಒಟ್ಟು 108 ರೂಪಾಯಿ. ಒಬ್ಬೊಬ್ಬರಿಗೂ 156 ಕೊಟ್ಟು ತಂದದ್ದು 108ಕ್ಕೆ. ಅಗ್ಗವಾಗಿ ಕಂಡ ಬ್ಯಾಚೇ ದುಬಾರಿಯಾಯಿತು.

ರಿಯಾಯಿತಿಗೆ ಬಂದವರು ರಿಯಾಯಿತಿ ಇದ್ದಲ್ಲಿಗೆ ಹೋಗುತ್ತಾರೆ, ಅದರಲ್ಲಿ ಆಶ್ಚರ್ಯವಿಲ್ಲ. ತೊಂದರೆ ಏನೆಂದರೆ ಜಾಹೀರಾತಿನ ಪರದೆಯಲ್ಲಿ ಕಾಣುವುದು 156 ಮಾತ್ರ. 65 ಕಾಣಬೇಕಾದರೆ ಮೂರು ತಿಂಗಳು ಕಾದು ಬ್ಯಾಚು ನೋಡಬೇಕು.

ಮಿತಿ ಎಲ್ಲಿ?

ಜನವರಿ ಬ್ಯಾಚಿಗೆ ಬರೋಣ. 180 ದಿನದಲ್ಲಿ 130 ಜೊತೆಗೆ 0.70 ಸಲ 240, ಅಂದರೆ 168. ಒಟ್ಟು 298 ರೂಪಾಯಿ. ಹಾಗಾದರೆ ಒಬ್ಬ ಹೊಸ ಗಿರಾಕಿಗೆ 298ರವರೆಗೆ ಖರ್ಚು ಮಾಡಬಹುದೇ? ಮಾಡಿದರೆ ಆರು ತಿಂಗಳ ಕೊನೆಗೆ ಕೈಯಲ್ಲಿ ಸೊನ್ನೆ. ಬಾಡಿಗೆ, ಸಂಬಳ ಇನ್ನೂ ಕೊಟ್ಟಿಲ್ಲ. 298 ತಲೆಯ ಮೇಲಿನ ಸೂರು. ಅದಕ್ಕೆ ತಲೆ ತಾಗಿಸಿಕೊಂಡು ಓಡಾಡಬಾರದು.

ಎಲ್‌ಟಿವಿ ಜಾಹೀರಾತು ಖರ್ಚಿನ ಮೂರು ಪಟ್ಟು ಇರಬೇಕು ಅನ್ನುವ ಒಂದು ನಿಯಮ ಎಲ್ಲೆಡೆ ಓಡಾಡುತ್ತದೆ. ಅದು ತಿಂಗಳ ಚಂದಾ ಕಟ್ಟಿಸಿಕೊಳ್ಳುವ ಸಾಫ್ಟ್‌ವೇರ್ ಕಂಪನಿಗಳ ಕಡೆಯಿಂದ ಬಂದದ್ದು. ಅವರಿಗೆ ಇನ್ನೊಬ್ಬ ಗಿರಾಕಿಗೆ ಮಾಲು ಕೊಡುವ ಖರ್ಚು ಹೆಚ್ಚೇನಿಲ್ಲ, ಆದರೆ ಎಂಜಿನಿಯರುಗಳ ಸಂಬಳ ದೊಡ್ಡದು. ಕಾಫಿ ಪುಡಿಗೆ ಅದನ್ನು ತಂದು ಅಂಟಿಸಿದರೆ ಮಿತಿ 99 ರೂಪಾಯಿಗೆ ಇಳಿಯುತ್ತದೆ, ಜಾಹೀರಾತೇ ನಿಂತುಹೋಗುತ್ತದೆ. ನನ್ನ ಮಟ್ಟಿಗೆ ಸಣ್ಣ ಅಂಗಡಿಗೆ ಮಿತಿ ಹಾಕಬೇಕಾದದ್ದು ಕೈಯಲ್ಲಿರುವ ನಗದು.

ಯಾಕೆ ಅಂತ ನೋಡಿ. ಜನವರಿಯಲ್ಲಿ ತಲೆಗೆ 250 ಹೋಯಿತು. ಮೊದಲ ಆರ್ಡರಿನಲ್ಲಿ 130 ವಾಪಸ್ ಬಂತು. ಉಳಿದ 120 ರೂಪಾಯಿ, 400 ಜನರ ಲೆಕ್ಕದಲ್ಲಿ 48,000, ಹೊರಗೆ ನಿಂತಿತು. 30 ದಿನದ ಹೊತ್ತಿಗೆ ಅದು ಸುಮಾರು 36,500ಕ್ಕೆ ಇಳಿಯಿತು, 60ಕ್ಕೆ 19,200, 90ಕ್ಕೆ 6,700. ನಾಲ್ಕನೇ ತಿಂಗಳಲ್ಲಿ ಅಸಲು ಹುಟ್ಟಿತು. ಆದರೆ ಅಂಗಡಿ ಜನವರಿಗೇ ನಿಲ್ಲಿಸಲಿಲ್ಲವಲ್ಲ. ಫೆಬ್ರವರಿಯಲ್ಲೂ ಮಾರ್ಚ್‌ನಲ್ಲೂ ಹಾಕಿತು. ಪ್ರತಿ ತಿಂಗಳೂ ಇದೇ ರೀತಿ ನಡೆದರೆ ಈ ಪದರಗಳೆಲ್ಲ ಒಂದರ ಮೇಲೊಂದು ಕೂತು, ಸುಮಾರು 1 ಲಕ್ಷ 10 ಸಾವಿರ ರೂಪಾಯಿ ಯಾವಾಗಲೂ ಹೊರಗೇ ಇರುತ್ತದೆ. ಅದೇ ಹೊತ್ತಿಗೆ ಬೀಜದ ಸಾಹುಕಾರರಿಗೂ ದುಡ್ಡು ಕೊಡಬೇಕು. ಲೆಕ್ಕದಲ್ಲಿ ಲಾಭ ಇದ್ದೂ ಬಾಗಿಲು ಹಾಕುವ ಅಂಗಡಿಗಳು ಇರುತ್ತವೆ ಅನ್ನುತ್ತಾರಲ್ಲ, ಅದು ಹೀಗೆ.

ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ. ಜಾಹೀರಾತಿಗೆ ಹಾಕಿದ ದುಡ್ಡು ವಾಪಸ್ ಬರಲು ನಾನು ಎಷ್ಟು ದಿನ ಕಾಯಬಲ್ಲೆ? ನಮ್ಮ ಅಂಗಡಿ 90 ದಿನ ಅನ್ನುತ್ತದೆ ಅಂತಿಟ್ಟುಕೊಳ್ಳಿ. 90 ದಿನದಲ್ಲಿ ಗಿರಾಕಿಯಿಂದ ಬರುವುದು 130 ಜೊತೆಗೆ 0.43 ಸಲ 240, ಸುಮಾರು 233. ಅದೇ ಮಿತಿ. 90ರಿಂದ 180ರವರೆಗೆ ಬರುವ ಉಳಿದ 65 ರೂಪಾಯಿ ಬಾಡಿಗೆಗೆ, ಸಂಬಳಕ್ಕೆ, ಮಾಲೀಕರಿಗೆ. ಕಾಯಲು 60 ದಿನ ಮಾತ್ರ ಆಗುತ್ತದೆ ಅನ್ನುವವರಿಗೆ ಮಿತಿ 202.

ಈ ಲೆಕ್ಕದಲ್ಲಿ ಇನ್‌ಸ್ಟಾಗ್ರಾಂ ಗಿರಾಕಿಗಳ ಅಂಕಿ ಮಾತ್ರ ಬಳಸಬೇಕು. ಅಂಗಡಿಗೆ ನೆಂಟರು ಹೇಳಿ, ನೆರೆಯವರು ಹೇಳಿ ಬರುವ ಗಿರಾಕಿಗಳೂ ಇದ್ದಾರೆ. ಅವರಿಗೆ ಡಿಸ್ಕೌಂಟ್ ಕೊಡುವುದಿಲ್ಲ, ಮೊದಲ ಆರ್ಡರಿನಲ್ಲೇ 220 ಉಳಿಯುತ್ತದೆ, 180 ದಿನದಲ್ಲಿ ತಲೆಗೆ ಒಂದೂವರೆ ಸಲ ಮತ್ತೆ ಬರುತ್ತಾರೆ. ಅವರ ಬೆಲೆ 580. ಹೊಸ ಗಿರಾಕಿಗಳಲ್ಲಿ ಹತ್ತಕ್ಕೆ ಆರು ಜನ ಇಂಥವರು, ನಾಲ್ಕು ಜನ ಇನ್‌ಸ್ಟಾಗ್ರಾಂನವರು ಅಂದರೆ ಇಡೀ ಅಂಗಡಿಯ ಸರಾಸರಿ 467 ಬರುತ್ತದೆ. ಅದನ್ನು ನೋಡಿ "400 ಖರ್ಚು ಮಾಡಿದರೂ ಲಾಭವೇ" ಅಂತ ಹೊರಟರೆ ಒಬ್ಬೊಬ್ಬ ಇನ್‌ಸ್ಟಾಗ್ರಾಂ ಗಿರಾಕಿಯ ಮೇಲೂ 102 ರೂಪಾಯಿ ಕಳೆದುಕೊಳ್ಳುತ್ತೀರಿ. ಬಾಯಿಮಾತಿನಿಂದ ಬಂದವರ ದುಡ್ಡಿನಲ್ಲಿ ಜಾಹೀರಾತು ನಡೆಯುತ್ತಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ.

ಪರದೆಯ ಅಂಕಿ, ಪುಸ್ತಕದ ಅಂಕಿ

ಜನವರಿಯ ಒಂದು ಲಕ್ಷಕ್ಕೆ ಇನ್‌ಸ್ಟಾಗ್ರಾಂ ಜಾಹೀರಾತಿನ ಪರದೆ, ಅಂದರೆ ಮೆಟಾದ ಆಡ್ಸ್ ಮ್ಯಾನೇಜರ್, 600 ಖರೀದಿ ತೋರಿಸಿತ್ತು. ಒಂದಕ್ಕೆ 167 ರೂಪಾಯಿ. ನಾವು 250 ಅನ್ನುತ್ತಿದ್ದೇವೆ. ಯಾರು ಸುಳ್ಳು?

ಇಬ್ಬರೂ ಅಲ್ಲ, ಎಣಿಸುವುದೇ ಬೇರೆ. ಆಡ್ಸ್ ಮ್ಯಾನೇಜರ್ ಮಾಮೂಲಿಯಾಗಿ ಜಾಹೀರಾತು ಒತ್ತಿದ 7 ದಿನದೊಳಗಿನ, ಬರೀ ನೋಡಿದ 1 ದಿನದೊಳಗಿನ ಖರೀದಿಯನ್ನೆಲ್ಲ ತನ್ನ ಲೆಕ್ಕಕ್ಕೆ ಹಾಕಿಕೊಳ್ಳುತ್ತದೆ. ಕೊಂಡವರು ಹಳಬರೋ ಹೊಸಬರೋ ಅನ್ನುವುದನ್ನು ಆ ಅಂಕಿ ಬಿಡಿಸಿ ಹೇಳುವುದಿಲ್ಲ. ನಮ್ಮ ಆ 600ರಲ್ಲಿ 130 ಜನ ಹಳೇ ಗಿರಾಕಿಗಳು. ಪುಡಿ ಮುಗಿದಿತ್ತು, ಹೇಗೂ ಕೊಳ್ಳುವವರಿದ್ದರು, ನಡುವೆ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಉಳಿದ 470ರಲ್ಲಿ ಶೇಕಡಾ 15 ವಾಪಸ್. ಕೊನೆಗೆ ಪಾರ್ಸೆಲ್ ತೆಗೆದುಕೊಂಡ ಹೊಸಬರು 400. ಪರದೆಯ ಮೂರು ಖರೀದಿಗೆ ನಿಜವಾದ ಹೊಸ ಗಿರಾಕಿಗಳು ಇಬ್ಬರು. ಐಫೋನಿನವರಲ್ಲಿ ಇನ್ನೂ ಒಂದು ಮಬ್ಬು ಇದೆ. 2021ರ ಏಪ್ರಿಲ್‌ನಲ್ಲಿ ಐಒಎಸ್ 14.5 ಬಂದಮೇಲೆ ಆ್ಯಪುಗಳು ಹಿಂಬಾಲಿಸಲು ಅನುಮತಿ ಕೇಳಬೇಕಾಯಿತು. ಬೇಡ ಅಂದವರ ಖರೀದಿಯಲ್ಲಿ ಒಂದು ಭಾಗ ಮೆಟಾದ ಅಂದಾಜಷ್ಟೇ.

ಆದ್ದರಿಂದ ಮಿತಿಯನ್ನು ಪರದೆಗೆ ಹಾಕುವಾಗ ಅನುವಾದ ಮಾಡಿ ಹಾಕಬೇಕು. 233ರ ಮೂರರಲ್ಲಿ ಎರಡು ಭಾಗ 155. ಆಡ್ಸ್ ಮ್ಯಾನೇಜರ್‌ನ `Cost per result goal` ಜಾಗದಲ್ಲಿ ಬರೆಯಬೇಕಾದದ್ದು 155, 233 ಅಲ್ಲ. ಅದೂ ಕಟ್ಟುನಿಟ್ಟಿನ ಬೇಲಿಯಲ್ಲ, ಸರಾಸರಿ ಅದರ ಆಸುಪಾಸು ಇರಲಿ ಅನ್ನುವ ಸೂಚನೆ. ತೀರ ಕೆಳಗೆ ಹಾಕಿದರೆ ಜಾಹೀರಾತು ಓಡುವುದೇ ಇಲ್ಲ. ಹಳೇ ಗಿರಾಕಿಗಳ ನಂಬರ್ ಪಟ್ಟಿಯನ್ನು ಏರಿಸಿ, ಹೊಸಬರಿಗೆಂದು ಮಾಡಿದ ಜಾಹೀರಾತಿನಿಂದ ಅವರನ್ನು ಹೊರಗಿಟ್ಟರೆ ಪರದೆಯ ಅಂಕಿಯೂ ಪುಸ್ತಕದ ಅಂಕಿಯೂ ಹತ್ತಿರ ಬರುತ್ತವೆ. ಆಗ ಈ ಮೂರಕ್ಕೆ ಎರಡು ಅನ್ನುವ ಅನುಪಾತವನ್ನೂ ಹೊಸದಾಗಿ ಲೆಕ್ಕ ಹಾಕಬೇಕು.

ಇನ್ನೊಂದು ಸಣ್ಣದು, ಆದರೆ ಚುಚ್ಚುವಂಥದ್ದು. ಜಾಹೀರಾತಿನ ಬಿಲ್ಲಿಗೆ ಶೇಕಡಾ 18 ಜಿಎಸ್‌ಟಿ ಇದೆ, ಪರದೆಯ ಖರ್ಚಿನಲ್ಲಿ ಅದು ಕಾಣುವುದಿಲ್ಲ. ಇನ್‌ಪುಟ್ ಕ್ರೆಡಿಟ್ ಸಿಗುವವರಿಗೆ ತಲೆಬಿಸಿ ಇಲ್ಲ. ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಆ ಕ್ರೆಡಿಟ್ ಸಿಗುವುದಿಲ್ಲ. ಅವರು 233ನ್ನು 1.18ರಿಂದ ಭಾಗಿಸಿ 197 ಅಂತ ಹಿಡಿಯಬೇಕು.

ಕೊನೆಯ ಕಂತು

ಇಷ್ಟೆಲ್ಲ ಸರಿಮಾಡಿದ ಮೇಲೂ ಒಂದು ಹೊಂಡ ಉಳಿದಿದೆ. ಇಲ್ಲಿಯವರೆಗೆ ಹೇಳಿದ ಖರ್ಚೆಲ್ಲ ಸರಾಸರಿ. ಮಿತಿ ತಾಗಬೇಕಾದದ್ದು ಸರಾಸರಿಗಲ್ಲ, ಕೊನೆಯದಾಗಿ ಸೇರಿಸಿದ ದುಡ್ಡಿಗೆ.

ಅಂಗಡಿ ಹಿಂದೆ ತಿಂಗಳಿಗೆ 60,000 ಹಾಕುತ್ತಿದ್ದಾಗ 280 ಹೊಸಬರು ಬರುತ್ತಿದ್ದರು. ತಲೆಗೆ 214. ಒಂದು ಲಕ್ಷಕ್ಕೆ ಏರಿಸಿದಾಗ 400 ಆದರು, ತಲೆಗೆ 250. ಸ್ವಲ್ಪ ಏರಿತು ಅಷ್ಟೆ ಅನ್ನಿಸುತ್ತದೆ. ಆದರೆ ಹೆಚ್ಚಿಗೆ ಹಾಕಿದ 40,000 ತಂದದ್ದು 120 ಜನರನ್ನು ಮಾತ್ರ. ಆ 120 ಜನರಿಗೆ ತಲೆಗೆ 333 ಬಿತ್ತು! ಅವರೆಲ್ಲ ಸೇರಿ 180 ದಿನದಲ್ಲಿ ಕೊಡುವುದು 298ರಂತೆ 35,760. ಅಂದರೆ ಸರಾಸರಿ 250 ಅಂತ ಸಮಾಧಾನವಾಗಿ ಕಾಣುತ್ತಿದ್ದ ತಿಂಗಳಲ್ಲಿ ಕೊನೆಯ 40,000 ನಷ್ಟದಲ್ಲಿತ್ತು. ಒಂದೂವರೆ ಲಕ್ಷಕ್ಕೆ ಹೋಗಿ 520 ಜನ ಬಂದರೆ ಸರಾಸರಿ 288. ಆಗಲೂ 298ಕ್ಕಿಂತ ಕಡಿಮೆಯೇ. ಆದರೆ ಆ ಕೊನೆಯ 50,000ದ ಗಿರಾಕಿಗಳಿಗೆ ತಲೆಗೆ 417 ಹೋಗಿರುತ್ತದೆ.

ಇದು ಯಾಕೆ ಹೀಗಾಗುತ್ತದೆ ಅನ್ನುವುದು ಕಷ್ಟವಲ್ಲ. ಕಡಿಮೆ ದುಡ್ಡಿಗೆ ಜಾಹೀರಾತು ಮೊದಲು ಹುಡುಕಿಕೊಡುವುದು ಸುಲಭವಾಗಿ ಕೊಳ್ಳುವವರನ್ನು, ಫಿಲ್ಟರ್ ಕಾಫಿ ಕುಡಿಯುವ ಮನೆಗಳನ್ನು. ಅವರು ಮುಗಿದಂತೆ ಜಾಹೀರಾತು ಜಾಗದ ಹರಾಜಿನಲ್ಲಿ ಹೆಚ್ಚು ಕೂಗಬೇಕು, ಅರೆಮನಸ್ಸಿನವರನ್ನು ಒಪ್ಪಿಸಬೇಕು. ಅಂಥವರು ಮತ್ತೆ ಬರುವುದೂ ಕಡಿಮೆ. ಹಾಗಾಗಿ ಆ ಕಂತಿಗೆ 298 ಅನ್ನುವುದೂ ಉದಾರದ ಅಂದಾಜೇ.

ಇದನ್ನು ತಿಳಿಯಲು ಬಜೆಟ್ಟನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸಿ ನೋಡಬೇಕು. ಒಂದು ಮಟ್ಟದಲ್ಲಿ ಮೂರು ವಾರ ಬಿಟ್ಟು, ಮುಂದಿನ ಮೂರು ವಾರ ಬದಲಿಸಿ, ಎಷ್ಟು ಹೊಸಬರು ಹೆಚ್ಚಾದರು ಅಥವಾ ಕಡಿಮೆಯಾದರು ಅಂತ ಎಣಿಸುವುದು. ಹಬ್ಬದ ವಾರಗಳಲ್ಲಿ ಬೇಡ. ಇನ್ನೂ ಚೊಕ್ಕ ದಾರಿ ಊರು ಬಿಡಿಸುವುದು. ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ತಿಂಗಳು ಜಾಹೀರಾತು ನಿಲ್ಲಿಸಿ, ಮೈಸೂರಿನಲ್ಲಿ ಹಾಗೇ ಬಿಡಿ. ನಿಲ್ಲಿಸಿದ ಊರಿನಲ್ಲಿ ಹೊಸ ಆರ್ಡರ್ ಎಷ್ಟು ಕಡಿಮೆಯಾದವೋ ಅಷ್ಟೇ ಜಾಹೀರಾತು ನಿಜವಾಗಿ ತರುತ್ತಿದ್ದದ್ದು. ಉಳಿದವರು ಹೇಗೂ ಬರುತ್ತಿದ್ದರು. ಪರೀಕ್ಷೆಯ ಹೊತ್ತಿನಲ್ಲಿ ಒಂದಿಷ್ಟು ಮಾರಾಟ ಹೋಗುತ್ತದೆ, ಅದನ್ನು ಕಲಿಕೆಯ ಶುಲ್ಕ ಅಂದುಕೊಳ್ಳಬೇಕು.

ನಮ್ಮ ಅಂಗಡಿ ಆಗಸ್ಟ್‌ಗೆ ಏನು ಮಾಡಬೇಕು? 60,000ಕ್ಕೆ ಇಳಿದರೆ ಸರಾಸರಿ 214, ಅದು ಮಿತಿಯೊಳಗಿದೆ. ಅಲ್ಲಿಂದ 10,000 ಹೆಚ್ಚಿಸಿ, ಆ 10,000ಕ್ಕೆ ಕಡೇಪಕ್ಷ 43 ಹೊಸಬರು ಬಂದರೆ ತಲೆಗೆ 233 ಆಯಿತು, ಇನ್ನೊಂದು 10,000 ಪ್ರಯತ್ನಿಸಬಹುದು. ಬರದಿದ್ದರೆ ಹಿಂದಕ್ಕೆ. ಜೂನ್ ಬ್ಯಾಚಿಗೆ ಆಗಸ್ಟ್ 29ಕ್ಕೆ 60 ದಿನ ತುಂಬುತ್ತದೆ. ಆಗ ಅದು 0.29 ಆಸುಪಾಸಿಗೆ ಬಂದರೆ 233 ಹಾಗೇ ಉಳಿಯುತ್ತದೆ. 0.22ಕ್ಕೇ ನಿಂತರೆ ಮಿತಿಯನ್ನೂ ಇಳಿಸಬೇಕು.

ಬ್ಯಾಚ್ ಸರಿಯಾಗಿದ್ದೂ ಮಿತಿ ಕುಸಿಯುವುದು ಉಂಟು. ಕಾಫಿ ಬೀಜ ದುಬಾರಿಯಾಗಿ ಒಂದು ಕೆಜಿ ಪುಡಿಯ ಅಸಲು 50 ರೂಪಾಯಿ ಏರಿತು, ಗಿರಾಕಿ ಓಡಿಹೋದಾನು ಅಂತ ಅಂಗಡಿ ಬೆಲೆ ಏರಿಸಲಿಲ್ಲ ಅನ್ನೋಣ. 130 ಇದ್ದದ್ದು 80 ಆಯಿತು, 240 ಇದ್ದದ್ದು 190. ಗಿರಾಕಿಗಳು ಮೊದಲಿನಷ್ಟೇ ಸಲ ಬರುತ್ತಿದ್ದಾರೆ, ಜಾಹೀರಾತಿನ ಪರದೆಯಲ್ಲಿ ಒಂದಂಕಿಯೂ ಬದಲಾಗಿಲ್ಲ. ಆದರೆ 90 ದಿನದ ಮಿತಿ 233ರಿಂದ 162ಕ್ಕೆ ಇಳಿದಿರುತ್ತದೆ, ಮತ್ತು ಪರದೆಯಲ್ಲಿ ಬರೆಯಬೇಕಾದದ್ದು 155ರ ಬದಲು 108.